ಒಂದೇ ಸರಿಯುತ್ತರವಿರುವ ಕ್ಲಿನಿಕಲ್ ವಿನ್ಯೆಟ್ ಬರೆಯುವುದು ಹೇಗೆ: ಕಟ್ಟು ಹಾವಿನ ಕಡಿತದ ಒಂದು ಪ್ರಶ್ನೆಯೊಂದಿಗೆ ಸಮಗ್ರ ಮಾರ್ಗದರ್ಶಿ

ಇಂಟರ್ನಲ್ ಪರೀಕ್ಷೆಯ ಕೀ ಉತ್ತರಗಳು ನೋಟಿಸ್ ಬೋರ್ಡಿಗೆ ಬಂದ ದಿನ ವಿಭಾಗದ ಬಾಗಿಲಲ್ಲಿ ನಾಲ್ಕೈದು ವಿದ್ಯಾರ್ಥಿಗಳು ನಿಂತಿರುತ್ತಾರೆ. "ಸರ್, ಬಿ ಕೂಡ ಸರಿಯಲ್ಲವೇ?" ಎಂಬುದು ಅವರ ಪ್ರಶ್ನೆ. ಹೆಚ್ಚಿನ ಸಲ ಅವರ ಮಾತು ಸರಿಯಾಗಿಯೇ ಇರುತ್ತದೆ. ಪ್ರಶ್ನೆ ಬರೆದ ಅಧ್ಯಾಪಕರ ವೈದ್ಯಕೀಯ ಜ್ಞಾನದಲ್ಲಿ ಕೊರತೆ ಇರುವುದಿಲ್ಲ, ಅವರು ಬರೆದ ಕ್ರಮ ತಲೆಕೆಳಗಾಗಿರುತ್ತದೆ. ಮೊದಲು ರೋಗಿಯ ಕಥೆ ಬರೆದು, ಆಮೇಲೆ ಏನು ಕೇಳುವುದೆಂದು ಯೋಚಿಸಿ, ಕೊನೆಗೆ ನಾಲ್ಕು ಆಯ್ಕೆಗಳನ್ನು ತುಂಬಿಸಿರುತ್ತಾರೆ.

ನಾನೂ ಹಾಗೆಯೇ ಬರೆದ ಒಂದು ಪ್ರಶ್ನೆಯನ್ನು ಇಲ್ಲಿ ಬಿಚ್ಚಿಡುತ್ತೇನೆ. ಅದರ ಮೊದಲ ರೂಪ ಹೀಗಿತ್ತು:

"ನೆಲದ ಮೇಲೆ ಮಲಗಿದ್ದ ರೈತನೊಬ್ಬ ಬೆಳಗಿನ ಜಾವ ಹೊಟ್ಟೆನೋವಿನಿಂದ ಎದ್ದಿದ್ದಾನೆ. ಈಗ ಎರಡೂ ಕಣ್ಣಿನ ರೆಪ್ಪೆಗಳು ಜೋತುಬಿದ್ದಿವೆ, ಉಸಿರಾಟಕ್ಕೆ ಸ್ವಲ್ಪ ತೊಂದರೆ ಇದೆ. ಮುಂದೇನು ಮಾಡುವಿರಿ? ಎ) ನಿಯೋಸ್ಟಿಗ್ಮೈನ್ ಬಿ) ಹಾವಿನ ಪ್ರತಿವಿಷ ಸಿ) ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ವೆಂಟಿಲೇಟರ್ ಡಿ) ಮೇಲಿನ ಎಲ್ಲವೂ"

ನಾನು ಬಯಸಿದ್ದ ಉತ್ತರ ಬಿ. ತರಗತಿಯ ಚುರುಕಾದ ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಮಂದಿ ಸಿ ಬರೆದಿದ್ದರು. ವಾರ್ಡಿನಲ್ಲಿ ಇಂಥ ರೋಗಿಯನ್ನು ಕಂಡಿದ್ದ ಒಬ್ಬಳು ಡಿ ಬರೆದಿದ್ದಳು. ಮೂರೂ ಆಯ್ಕೆಗಳನ್ನು ಬರೆದವರು ತಮ್ಮ ಉತ್ತರವನ್ನು ಸಮರ್ಥಿಸಿಕೊಂಡರು. ಯಾರನ್ನೂ ತಪ್ಪೆನ್ನಲು ನನ್ನಲ್ಲಿ ಆಧಾರವಿರಲಿಲ್ಲ.

## ಬೇಕಾಗುವ ಸಾಮಗ್ರಿ

ಆ ರೋಗಕ್ಕೆ ಸಂಬಂಧಿಸಿದ, ಈಗ ಚಾಲ್ತಿಯಲ್ಲಿರುವ ಚಿಕಿತ್ಸಾ ಮಾರ್ಗಸೂಚಿ. ಅಂಥದ್ದೇ ಎರಡು ಮೂರು ರೋಗಿಗಳ ಕೇಸ್ ಶೀಟ್. ಕಳೆದ ವರ್ಷ ಇದೇ ವಿಷಯದಲ್ಲಿ ವಿದ್ಯಾರ್ಥಿಗಳು ಬರೆದ ತಪ್ಪು ಉತ್ತರಗಳು. ಮತ್ತು ಹತ್ತು ನಿಮಿಷ ಕೊಡಬಲ್ಲ ಒಬ್ಬ ಸಹೋದ್ಯೋಗಿ. ಈ ನಾಲ್ಕರಲ್ಲಿ ಎಲ್ಲರೂ ಬಿಟ್ಟುಬಿಡುವುದು ಮೂರನೆಯದನ್ನು. ಹಳೆಯ ಉತ್ತರಪತ್ರಿಕೆಗಳನ್ನು ಕಟ್ಟಿಡುವ ಮುನ್ನ ತಪ್ಪು ಉತ್ತರಗಳನ್ನಷ್ಟೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಿ.

## ಹಂತ 1: ಪರೀಕ್ಷಿಸಬೇಕಾದ ನಿರ್ಧಾರವನ್ನು ಒಂದು ವಾಕ್ಯದಲ್ಲಿ ಬರೆಯಿರಿ

"ಕ್ರೈಟ್ ಕಡಿತ", ಅಂದರೆ ಕಟ್ಟು ಹಾವಿನ ಕಡಿತ ಎಂಬುದು ಪಾಠದ ಹೆಸರು, ನಿರ್ಧಾರವಲ್ಲ. ನಿರ್ಧಾರವೆಂದರೆ ಹೀಗಿರಬೇಕು: "ಕಚ್ಚಿದ ಗುರುತು ಇಲ್ಲದಿದ್ದರೂ, ರಕ್ತ ಹೆಪ್ಪುಗಟ್ಟುವಿಕೆ ಸರಿಯಾಗಿದ್ದರೂ, ನರಗಳ ಮೇಲೆ ವಿಷದ ಪರಿಣಾಮ ಕಾಣುತ್ತಿದ್ದು ಉಸಿರಾಟ ಇನ್ನೂ ಗಟ್ಟಿಯಾಗಿದ್ದರೆ, ಕಾಯದೆ ಪ್ರತಿವಿಷ ಆರಂಭಿಸಬೇಕು."

ಈ ವಾಕ್ಯದೊಳಗೆ ಇಡೀ ಪ್ರಶ್ನೆಯ ನಕಾಶೆಯೇ ಇದೆ. ಪ್ರಸಂಗದಲ್ಲಿ ಏನು ಹೇಳಲೇಬೇಕು (ಗುರುತಿಲ್ಲ, ಹೆಪ್ಪುಗಟ್ಟಿದೆ, ರೆಪ್ಪೆ ಜೋತಿದೆ, ಉಸಿರಾಟ ಸರಿಯಿದೆ) ಎಂಬುದು ತಾನಾಗಿ ತಿಳಿಯುತ್ತದೆ. ತಪ್ಪು ಮಾಡುವವನು ಎಲ್ಲಿ ಎಡವುತ್ತಾನೆ ಎಂಬುದೂ ಕಾಣುತ್ತದೆ. ಒಬ್ಬ ಗುರುತು ಹುಡುಕುತ್ತಾ ಕಾಯುತ್ತಾನೆ, ಇನ್ನೊಬ್ಬ ಗಾಬರಿಯಾಗಿ ಟ್ಯೂಬ್ ಹಾಕುತ್ತಾನೆ, ಮತ್ತೊಬ್ಬ ಇದನ್ನು ಬೇರೆ ನರರೋಗವೆಂದುಕೊಳ್ಳುತ್ತಾನೆ.

ಎಚ್ಚರಿಕೆಯ ಲಕ್ಷಣ: ನಿಮ್ಮ ವಾಕ್ಯದಲ್ಲಿ "ದ್ದರೆ" ಎಂಬ ಷರತ್ತು ಒಂದೂ ಇಲ್ಲದಿದ್ದರೆ ಅದು ನೆನಪಿನ ಪ್ರಶ್ನೆ. ಅದಕ್ಕೆ ರೋಗಿಯ ಕಥೆ ಬೇಕಿಲ್ಲ. "ಕ್ರೈಟ್‌ನ ವಿಷ ಎಲ್ಲಿ ಕೆಲಸ ಮಾಡುತ್ತದೆ?" ಎಂದು ನೇರವಾಗಿ ಕೇಳಿಬಿಡಿ.

## ಹಂತ 2: ಸಮರ್ಥನೆಯನ್ನು ಕಥೆಗಿಂತ ಮೊದಲು ಬರೆಯಿರಿ

ಕೀ ಉತ್ತರ ಯಾಕೆ ಸರಿ ಎಂದು ನಾಲ್ಕೈದು ಸಾಲು ಬರೆಯಿರಿ, ಯಾವ ಮಾರ್ಗಸೂಚಿಯ ಮೇಲೆ ನಿಂತಿದ್ದೀರಿ ಎಂಬುದನ್ನೂ ಸೇರಿಸಿ. ಈ ಹಂತದಲ್ಲೇ ಅರ್ಧದಷ್ಟು ಪ್ರಶ್ನೆಗಳು ಬಿದ್ದುಹೋಗುತ್ತವೆ. ಪರೀಕ್ಷೆಯ ನಂತರ ಬೀಳುವುದಕ್ಕಿಂತ ಈಗಲೇ ಬೀಳುವುದು ಒಳ್ಳೆಯದು.

ನಮ್ಮ ಪ್ರಶ್ನೆಯ ಸಮರ್ಥನೆ ಬರೆಯಲು ಕುಳಿತಾಗ ಒಂದು ತೊಡಕು ಎದುರಾಯಿತು. ಕ್ರೈಟ್‌ನ ವಿಷ ನರದ ತುದಿಯನ್ನೇ, ಅಂದರೆ ಸಂದೇಶವಾಹಕ ಬಿಡುಗಡೆಯಾಗುವ ಜಾಗವನ್ನೇ ಹಾಳುಮಾಡುತ್ತದೆ. ಒಮ್ಮೆ ಹಾಳಾದ ತುದಿಯನ್ನು ಪ್ರತಿವಿಷ ಸರಿಪಡಿಸಲಾರದು, ಅದು ಮತ್ತೆ ಬೆಳೆಯಲು ದಿನಗಳೇ ಬೇಕು. ಪ್ರತಿವಿಷದ ಕೆಲಸ ರಕ್ತದಲ್ಲಿ ಇನ್ನೂ ಸುತ್ತುತ್ತಿರುವ ವಿಷವನ್ನು ತಟಸ್ಥಗೊಳಿಸುವುದು. ಹಾಗಾಗಿ "ಈ ರೋಗಿಯ ಸ್ನಾಯುಗಳ ದುರ್ಬಲತೆಯನ್ನು ಯಾವುದು ಹೋಗಲಾಡಿಸುತ್ತದೆ?" ಎಂದು ಕೇಳಿ ಪ್ರತಿವಿಷವನ್ನು ಕೀ ಮಾಡಿದರೆ ಆ ಪ್ರಶ್ನೆಯನ್ನು ಯಾರೂ ಉಳಿಸಲಾರರು. "ಈಗ ಮಾಡಬೇಕಾದ ಅತ್ಯಂತ ಸೂಕ್ತ ಚಿಕಿತ್ಸೆ ಯಾವುದು?" ಎಂದು ಕೇಳಿದರೆ ಉತ್ತರ ನಿಲ್ಲುತ್ತದೆ. ನರಗಳ ಮೇಲೆ ವಿಷದ ಲಕ್ಷಣ ಕಂಡ ಕೂಡಲೇ ಬಹುವಿಷ ಪ್ರತಿವಿಷವನ್ನು 10 ವಯಲ್‌ನಿಂದ ಆರಂಭಿಸಬೇಕೆಂದು ಭಾರತದ ಚಿಕಿತ್ಸಾ ಮಾರ್ಗಸೂಚಿ ಹೇಳುತ್ತದೆ. ಪದಗಳ ಈ ಸಣ್ಣ ವ್ಯತ್ಯಾಸದಲ್ಲಿ ಉತ್ತರವೇ ಬದಲಾಗುತ್ತದೆ.

## ಹಂತ 3: ಪ್ರಶ್ನಾವಾಕ್ಯ

ಆಯ್ಕೆಗಳನ್ನು ಕೈಯಿಂದ ಮುಚ್ಚಿ ಓದಿದರೂ ಉತ್ತರಿಸಲು ಆಗುವಂತಿರಬೇಕು. "ಈ ಕೆಳಗಿನವುಗಳಲ್ಲಿ ಯಾವುದು ಸರಿ?" ಎಂಬ ವಾಕ್ಯ ಆ ಪರೀಕ್ಷೆಯಲ್ಲಿ ಸೋಲುತ್ತದೆ, ಏಕೆಂದರೆ ಆಯ್ಕೆಗಳಿಲ್ಲದೆ ಅದು ಏನನ್ನೂ ಕೇಳುತ್ತಿಲ್ಲ. "ಮುಂದೇನು ಮಾಡುವಿರಿ?" ಎಂಬ ನನ್ನ ಹಳೆಯ ವಾಕ್ಯವೂ ಸೋಲುತ್ತದೆ. ಒಬ್ಬ ರಕ್ತ ಪರೀಕ್ಷೆ ಎನ್ನಬಹುದು, ಇನ್ನೊಬ್ಬ ಐಸಿಯುಗೆ ಕಳಿಸುತ್ತೇನೆ ಎನ್ನಬಹುದು. ತನಿಖೆ ಬೇಕೋ, ಚಿಕಿತ್ಸೆ ಬೇಕೋ, ರೋಗನಿರ್ಣಯ ಬೇಕೋ ಎಂದು ವಾಕ್ಯವೇ ಹೇಳಬೇಕು. "ಹೊರತುಪಡಿಸಿ", "ಯಾವುದು ಅಲ್ಲ" ಎಂಬ ನಿಷೇಧದ ವಾಕ್ಯಗಳನ್ನು ಬಿಡಿ. ಅವು ಓದಿನ ಗಮನವನ್ನು ಅಳೆಯುತ್ತವೆ, ನಿರ್ಧಾರವನ್ನಲ್ಲ.

## ಹಂತ 4: ತಪ್ಪು ಆಯ್ಕೆಗಳು

ತಪ್ಪು ಆಯ್ಕೆ ಎಂದರೆ ತಪ್ಪು ತಿಳಿದವನಿಗೆ ಸರಿಯಾಗಿ ಕಾಣುವ ಆಯ್ಕೆ. ಅದನ್ನು ಕುರ್ಚಿಯಲ್ಲಿ ಕುಳಿತು ಕಲ್ಪಿಸಬೇಡಿ, ಆ ನೋಟ್‌ಬುಕ್ ತೆಗೆಯಿರಿ. ನೋಟ್‌ಬುಕ್ ಇಲ್ಲದಿದ್ದರೆ ಇದೇ ಪ್ರಸಂಗವನ್ನು ಆಯ್ಕೆಗಳಿಲ್ಲದೆ ಹತ್ತು ವಿದ್ಯಾರ್ಥಿಗಳಿಗೆ ಕೊಟ್ಟು ಒಂದು ಸಾಲಿನ ಉತ್ತರ ಬರೆಸಿ. ಅವರ ತಪ್ಪುಗಳೇ ನಿಮ್ಮ ಆಯ್ಕೆಗಳು.

ನನಗೆ ಹಾಗೆ ಸಿಕ್ಕಿದ್ದು ಇವು. ಗುರುತಿಲ್ಲ, ರಕ್ತ ಹೆಪ್ಪುಗಟ್ಟಿದೆ, ಆದ್ದರಿಂದ ವಿಷ ಏರಿಲ್ಲ, ಪರೀಕ್ಷೆಯನ್ನು ಮತ್ತೆ ಮಾಡುತ್ತಾ ನಿಗಾ ಇಡೋಣ ಎಂಬುದು ಒಂದು. ರೆಪ್ಪೆ ಜೋತಿದೆ ಎಂದ ಕೂಡಲೇ ಟ್ಯೂಬ್ ಹಾಕುವುದು ಇನ್ನೊಂದು. ದುರ್ಬಲತೆ ಕಂಡು ಗಿಯಾಂ-ಬಾರೇ ಎಂದುಕೊಂಡು ಇಮ್ಯುನೊಗ್ಲೋಬ್ಯುಲಿನ್ ಕೊಡುವುದು ಮೂರನೆಯದು.

ಎಲ್ಲವೂ ಒಂದೇ ಜಾತಿಯವಾಗಿರಬೇಕು. ಮೂರು ಚಿಕಿತ್ಸೆ, ಒಂದು ತನಿಖೆ ಎಂದು ಬೆರೆಸಿದರೆ ಅವುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲು ಸಾಧ್ಯವಿಲ್ಲ. ಉದ್ದವೂ ಹೆಚ್ಚು ಕಡಿಮೆ ಸಮನಾಗಿರಲಿ. ನಾವು ಸರಿಯುತ್ತರವನ್ನು ಕಾಪಾಡಲು ಅದಕ್ಕೇ ಷರತ್ತುಗಳನ್ನು ಸೇರಿಸುತ್ತಾ ಹೋಗುತ್ತೇವೆ, ಅದು ಸಾಲಿನಲ್ಲಿ ಎದ್ದು ಕಾಣುವಷ್ಟು ಉದ್ದವಾಗುತ್ತದೆ. ಓದದ ವಿದ್ಯಾರ್ಥಿಗೂ ಆ ಗುಟ್ಟು ಗೊತ್ತಿದೆ. "ಯಾವಾಗಲೂ", "ಎಂದಿಗೂ" ಎಂಬ ಪದಗಳಿರುವ ಆಯ್ಕೆ ತಪ್ಪೆಂಬುದೂ ಅವನಿಗೆ ಗೊತ್ತು. "ಮೇಲಿನ ಎಲ್ಲವೂ" ಎಂಬುದನ್ನು ಪೂರ್ತಿ ಕೈಬಿಡಿ. ಎರಡು ಸರಿಯೆಂದು ತಿಳಿದರೆ ಸಾಕು, ಮೂರನೆಯದು ತಿಳಿಯದೆಯೂ ಅಂಕ ಸಿಗುತ್ತದೆ.

ನಿಯೋಸ್ಟಿಗ್ಮೈನ್ ಆಯ್ಕೆಯ ಬಗ್ಗೆ ಹೇಳಲೇಬೇಕು. ಅಟ್ರೋಪಿನ್ ಜೊತೆ ನಿಯೋಸ್ಟಿಗ್ಮೈನ್ ಕೊಟ್ಟು ನೋಡುವುದು ನಾಗರಹಾವಿನ ಕಡಿತದಲ್ಲಿ ಚೆನ್ನಾಗಿ ಫಲಿಸುತ್ತದೆ, ಕ್ರೈಟ್‌ನಲ್ಲಿ ಸಾಮಾನ್ಯವಾಗಿ ಫಲಿಸುವುದಿಲ್ಲ. ಆದರೆ ಯಾವ ಹಾವೆಂದು ಗೊತ್ತಿಲ್ಲದಾಗ ಪ್ರತಿವಿಷದ ಜೊತೆಗೇ ಅದನ್ನೂ ಪ್ರಯತ್ನಿಸಿ ನೋಡುವ ವೈದ್ಯರಿದ್ದಾರೆ, ಅದು ತಪ್ಪಲ್ಲ. ಅಂದಮೇಲೆ ಅದನ್ನು "ತಪ್ಪು ಆಯ್ಕೆ" ಎಂದು ಇಡುವ ಹಕ್ಕು ನನಗಿಲ್ಲ. "ಪ್ರತಿವಿಷವಿಲ್ಲದೆ ನಿಯೋಸ್ಟಿಗ್ಮೈನ್ ಮಾತ್ರ" ಎಂದು ತಿದ್ದಿ ನೋಡಿದೆ. "ಮಾತ್ರ" ಎಂಬ ಪದವೇ ಇದು ತಪ್ಪೆಂದು ಕೂಗಿ ಹೇಳುತ್ತಿತ್ತು. ತೆಗೆದುಹಾಕಿದೆ. ತಪ್ಪೆಂದು ಗಟ್ಟಿಯಾಗಿ ಹೇಳಲಾಗದ ಆಯ್ಕೆಯನ್ನು ತಿದ್ದುವುದರಲ್ಲಿ ಸಮಯ ಕಳೆಯಬೇಡಿ.

## ಹಂತ 5: ಈಗ ರೋಗಿಯನ್ನು ಬರೆಯಿರಿ

ಕ್ರಮ ಇದು: ವಯಸ್ಸು ಮತ್ತು ಲಿಂಗ, ಎಲ್ಲಿಗೆ ಬಂದರು, ಏನು ತೊಂದರೆ, ಎಷ್ಟು ಹೊತ್ತಿನಿಂದ, ಹಿನ್ನೆಲೆ, ದೇಹ ತಪಾಸಣೆ, ತನಿಖೆಗಳು. ಓದುವವನು ವಾರ್ಡಿನಲ್ಲಿ ಇದೇ ಕ್ರಮದಲ್ಲಿ ಕಲಿತಿರುತ್ತಾನೆ, ಅದನ್ನು ಕಲಕಿದರೆ ಕಷ್ಟ ಹೆಚ್ಚುತ್ತದೆಯೇ ಹೊರತು ಪ್ರಶ್ನೆಯ ಗುಣಮಟ್ಟವಲ್ಲ.

"ಎಲ್ಲಿಗೆ ಬಂದರು" ಎಂಬುದನ್ನು ಹೊಸಬರು ಅಲಂಕಾರವೆಂದುಕೊಳ್ಳುತ್ತಾರೆ. ಅದು ಉತ್ತರವನ್ನೇ ಬದಲಿಸಬಲ್ಲದು. ಪ್ರತಿವಿಷ ದಾಸ್ತಾನಿಲ್ಲದ ಕಡೆ ಸರಿಯುತ್ತರ "ಕೂಡಲೇ ಸಾಗಿಸುವುದು" ಆಗಬಹುದು. ಪ್ರತಿವಿಷ, ವೆಂಟಿಲೇಟರ್ ಎರಡೂ ಇರುವ ಕಡೆ, ಅಂದರೆ ಜಿಲ್ಲಾ ಆಸ್ಪತ್ರೆ ಎಂದು ಬರೆದರೆ ಆ ವಾದದ ಬಾಗಿಲು ಮುಚ್ಚುತ್ತದೆ.

ವಿವರ ನೈಜವಾಗಬೇಕಾದರೆ ಪಠ್ಯಪುಸ್ತಕದ ಪದಗಳನ್ನು ರೋಗಿಯ ಬಾಯಿಗೆ ತುರುಕಬೇಡಿ. ಯಾವ ರೋಗಿಯೂ "ನನಗೆ ದ್ವಿದೃಷ್ಟಿ" ಎನ್ನುವುದಿಲ್ಲ. "ಒಂದು ದೀಪ ಎರಡಾಗಿ ಕಾಣುತ್ತದೆ", "ಕಣ್ಣು ಬಿಡಲು ಆಗುತ್ತಿಲ್ಲ" ಎನ್ನುತ್ತಾರೆ. ಕ್ರೈಟ್ ಕಡಿತದ ಹೊಟ್ಟೆನೋವನ್ನು ನಮ್ಮ ಊರುಗಳಲ್ಲಿ ಮನೆಯವರೆಲ್ಲ "ಗ್ಯಾಸ್ಟ್ರಿಕ್" ಎಂದೇ ಕರೆಯುತ್ತಾರೆ, ಮೆಡಿಕಲ್ ಅಂಗಡಿಯಿಂದ ಮಾತ್ರೆ ತಂದು ನುಂಗಿಸಿರುತ್ತಾರೆ. ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿದ್ದರೂ ಈ ಮಾತ್ರೆಯ ವಿವರ ಒಳಗೆ ಬರಲಿ. ಅದು ಸುಳ್ಳು ಜಾಡಲ್ಲ. ನಿಜವಾದ ರೋಗಿಯೂ ಇದೇ ವೇಷದಲ್ಲಿ ಬರುತ್ತಾನೆ, ವಿದ್ಯಾರ್ಥಿ ಅದನ್ನು ದಾಟಿ ನೋಡಲು ಕಲಿಯಬೇಕು.

ಅಸ್ಪಷ್ಟ ವಿಶೇಷಣಗಳ ಜಾಗದಲ್ಲಿ ಅಳತೆ ಇಡಿ. "ಉಸಿರಾಟಕ್ಕೆ ಸ್ವಲ್ಪ ತೊಂದರೆ" ಎಂಬ ಮೂರು ಪದಗಳೇ ನನ್ನ ಹಳೆಯ ಪ್ರಶ್ನೆಯನ್ನು ಕೆಡಿಸಿದ್ದು. ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತಾರೆ, ದಿಂಬಿನಿಂದ ತಲೆ ಎತ್ತಿ ಹಿಡಿಯಬಲ್ಲರೇ, ಬಾಯಲ್ಲಿ ಜೊಲ್ಲು ನಿಲ್ಲುತ್ತಿದೆಯೇ: ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯ ನೋಡುವುದು ಇವನ್ನೇ. ಈ ಮೂರನ್ನೂ ಬರೆದರೆ ಟ್ಯೂಬ್ ಈಗಲೇ ಬೇಕೋ ಬೇಡವೋ ಎಂಬುದು ಸ್ಪಷ್ಟವಾಗುತ್ತದೆ.

ಸಂಖ್ಯೆಗಳು ಒಂದಕ್ಕೊಂದು ಹೊಂದಬೇಕು. ತೀವ್ರ ಆಮ್ಲೀಯತೆ ಇರುವ ಮಧುಮೇಹದ ರೋಗಿಗೆ ಉಸಿರಾಟದ ಗತಿ 16 ಎಂದು ಬರೆದವರನ್ನು ಕಂಡಿದ್ದೇನೆ. ಆ ರೋಗಿ ಆಳವಾಗಿ, ವೇಗವಾಗಿ ಉಸಿರಾಡುತ್ತಿರಲೇಬೇಕು. ಚೆನ್ನಾಗಿ ಓದಿದ ವಿದ್ಯಾರ್ಥಿ ಈ ವಿರೋಧವನ್ನು ಸುಳಿವೆಂದು ತಿಳಿದು ದಾರಿ ತಪ್ಪುತ್ತಾನೆ. ಕೇಸ್ ಶೀಟ್ ಪಕ್ಕದಲ್ಲಿಟ್ಟುಕೊಂಡು ಬರೆಯಲು ಹೇಳಿದ್ದು ಇದಕ್ಕಾಗಿಯೇ. ಆದರೆ ಅದನ್ನು ಹಾಗೆಯೇ ನಕಲು ಮಾಡಬೇಡಿ. ವಯಸ್ಸು, ಊರು, ಉದ್ಯೋಗ, ತಿಂಗಳು ಎಲ್ಲವನ್ನೂ ಬದಲಿಸಿ, ಆ ರೋಗಿಯ ಮನೆಯವರು ಓದಿದರೂ ಗುರುತು ಸಿಗಬಾರದು.

ಉದ್ಯೋಗದ ವಿಷಯದಲ್ಲಿ ಇನ್ನೊಂದು ಮಾತು. ನಮ್ಮ ಪ್ರಶ್ನೆಪತ್ರಿಕೆಗಳಲ್ಲಿ ರೈತ ಬಂದರೆ ಕೀಟನಾಶಕ ಅಥವಾ ಹಾವು, ಲಾರಿ ಚಾಲಕ ಬಂದರೆ ಎಚ್‌ಐವಿ ಎಂಬಂತಾಗಿದೆ. ವಿದ್ಯಾರ್ಥಿ ಮೊದಲ ಸಾಲಿನಲ್ಲೇ ಉತ್ತರ ಊಹಿಸುತ್ತಾನೆ, ಜೊತೆಗೆ ಜನರ ಬಗ್ಗೆ ಒಂದು ಕೆಟ್ಟ ಅಭ್ಯಾಸವನ್ನೂ ಕಲಿಯುತ್ತಾನೆ. ನೆಲದ ಮೇಲೆ ಮಲಗುವವರು ರೈತರಷ್ಟೇ ಅಲ್ಲ.

ತಿದ್ದಿದ ಪ್ರಸಂಗ:

"32 ವರ್ಷದ ಮಹಿಳೆಯನ್ನು ಬೆಳಿಗ್ಗೆ 7.30ಕ್ಕೆ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆತರಲಾಗಿದೆ. ರಾತ್ರಿ ಮನೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. 4 ಗಂಟೆಗೆ ಹೊಟ್ಟೆನೋವಿನಿಂದ ಎಚ್ಚರವಾಗಿ ಎರಡು ಸಲ ವಾಂತಿ ಮಾಡಿಕೊಂಡರು. ಮನೆಯವರು ಆಸಿಡಿಟಿಯ ಮಾತ್ರೆ ಕೊಟ್ಟರು. 6 ಗಂಟೆಯಿಂದ ಕಣ್ಣು ಬಿಡಲು ಆಗುತ್ತಿಲ್ಲ. ಹಿಂದಿನ ದಿನದವರೆಗೆ ಆರೋಗ್ಯವಾಗಿದ್ದರು. ನಾಡಿ ನಿಮಿಷಕ್ಕೆ 92, ರಕ್ತದೊತ್ತಡ 124/78, ಉಸಿರಾಟ ನಿಮಿಷಕ್ಕೆ 18, ಆಮ್ಲಜನಕದ ಪ್ರಮಾಣ ಶೇ 98. ಪೂರ್ಣ ಎಚ್ಚರವಿದ್ದಾರೆ. ಎರಡೂ ರೆಪ್ಪೆಗಳು ಜೋತಿವೆ, ಕಣ್ಣುಗುಡ್ಡೆಗಳ ಚಲನೆ ಎಲ್ಲ ದಿಕ್ಕಿನಲ್ಲೂ ಕುಂದಿದೆ. ದಿಂಬಿನಿಂದ ತಲೆ ಎತ್ತಿ ಹಿಡಿಯುತ್ತಾರೆ, ನೀರು ನುಂಗುತ್ತಾರೆ, ಒಂದೇ ಉಸಿರಿನಲ್ಲಿ 25ರವರೆಗೆ ಎಣಿಸುತ್ತಾರೆ. ಕೈಕಾಲುಗಳ ಪ್ರತಿವರ್ತನೆಗಳು ಇವೆ. ಚರ್ಮದ ಮೇಲೆ ಕಚ್ಚಿದ ಗುರುತಾಗಲೀ ಬಾವಾಗಲೀ ಇಲ್ಲ. ಗಾಜಿನ ನಳಿಕೆಯಲ್ಲಿಟ್ಟ ರಕ್ತ 20 ನಿಮಿಷದಲ್ಲಿ ಹೆಪ್ಪುಗಟ್ಟಿದೆ.

ಈಗ ಆರಂಭಿಸಬೇಕಾದ ಅತ್ಯಂತ ಸೂಕ್ತ ಚಿಕಿತ್ಸೆ ಯಾವುದು?

ಎ) ಅಭಿಧಮನಿಯ ಮೂಲಕ ಇಮ್ಯುನೊಗ್ಲೋಬ್ಯುಲಿನ್
ಬಿ) ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ವೆಂಟಿಲೇಟರ್
ಸಿ) ಅಭಿಧಮನಿಯ ಮೂಲಕ ಬಹುವಿಷ ಪ್ರತಿವಿಷ
ಡಿ) ರಕ್ತ ಪರೀಕ್ಷೆ ಮರುಕಳಿಸುತ್ತಾ 24 ಗಂಟೆ ನಿಗಾ"

"ಹಾವು" ಎಂಬ ಪದ ಪ್ರಸಂಗದಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಇದ್ದಿದ್ದರೆ ಪ್ರತಿವಿಷ ಎಂಬ ಉತ್ತರಕ್ಕೆ ಯೋಚನೆಯೇ ಬೇಕಿರಲಿಲ್ಲ.

## ಹಂತ 6: ಪ್ರತಿ ಆಯ್ಕೆಗೂ "ಯಾವಾಗ ಇದೇ ಸರಿಯಾಗುತ್ತಿತ್ತು?" ಎಂದು ಕೇಳಿ

ಇಡೀ ಮಾರ್ಗದರ್ಶಿಯಲ್ಲಿ ಒಂದೇ ಹಂತವನ್ನು ಪಾಲಿಸುವಿರಾದರೆ ಇದನ್ನು ಪಾಲಿಸಿ. ಒಂದೊಂದು ತಪ್ಪು ಆಯ್ಕೆಯ ಪಕ್ಕದಲ್ಲೂ, ಪ್ರಸಂಗದಲ್ಲಿ ಏನು ಬದಲಾದರೆ ಅದೇ ಸರಿಯುತ್ತರವಾಗುತ್ತಿತ್ತು ಎಂದು ಬರೆಯಿರಿ.

ಇಮ್ಯುನೊಗ್ಲೋಬ್ಯುಲಿನ್ ಸರಿಯಾಗಬೇಕಿದ್ದರೆ ದುರ್ಬಲತೆ ಗಂಟೆಗಳ ಬದಲು ದಿನಗಳಲ್ಲಿ, ಸಾಮಾನ್ಯವಾಗಿ ಕಾಲಿನಿಂದ ಮೇಲಕ್ಕೆ ಏರಬೇಕಿತ್ತು, ಪ್ರತಿವರ್ತನೆಗಳು ಮಾಯವಾಗಿರಬೇಕಿತ್ತು. ವೆಂಟಿಲೇಟರ್ ಸರಿಯಾಗಬೇಕಿದ್ದರೆ ರೋಗಿ ಒಂದೇ ಉಸಿರಿನಲ್ಲಿ ಏಳೆಂಟಕ್ಕೆ ನಿಲ್ಲಬೇಕಿತ್ತು, ತಲೆ ಎತ್ತಲಾಗದೆ ಜೊಲ್ಲು ನುಂಗಲಾಗದೆ ಇರಬೇಕಿತ್ತು. ಬರೀ ನಿಗಾ ಸಾಕೆನ್ನಬೇಕಿದ್ದರೆ ವಿಷವೇರಿದ ಯಾವ ಲಕ್ಷಣವೂ ಇರಬಾರದಿತ್ತು. ಮೂರಕ್ಕೂ ಉತ್ತರ ಸಿಕ್ಕಿತು, ಮೂರನ್ನೂ ತಳ್ಳಿಹಾಕುವ ವಿವರ ಪ್ರಸಂಗದಲ್ಲಿದೆ.

ಇಲ್ಲಿ ಎರಡು ಬಗೆಯ ಎಚ್ಚರಿಕೆ ಸಿಗುತ್ತದೆ. "ಏನೂ ಬದಲಾಗಬೇಕಿಲ್ಲ, ಇದೂ ನಡೆಯುತ್ತದೆ" ಎಂದು ಅನ್ನಿಸಿದರೆ ನಿಮ್ಮ ಪ್ರಶ್ನೆಗೆ ಎರಡು ಉತ್ತರಗಳಿವೆ. "ಏನು ಬದಲಾದರೂ ಇದು ಸರಿಯಾಗದು" ಎಂದು ಅನ್ನಿಸಿದರೆ ಅದನ್ನು ಯಾರೂ ಆರಿಸುವುದಿಲ್ಲ, ಅದು ಜಾಗ ತುಂಬಿಸಿದ ಆಯ್ಕೆ. ನಾಲ್ಕನೆಯದು ಸಿಗದಿದ್ದರೆ, ನಿಮ್ಮ ಪರೀಕ್ಷೆಯ ನಿಯಮ ಒಪ್ಪುವುದಾದರೆ, ಮೂರೇ ಆಯ್ಕೆ ಇಡಿ. ನೀಟ್ ಪಿಜಿ ಮಾದರಿಯ ಪರೀಕ್ಷೆಗೆ ಬರೆಯುತ್ತಿದ್ದರೆ ನಾಲ್ಕು ಬೇಕೇ ಬೇಕು. ಅಲ್ಲಿ ತಪ್ಪಿಗೆ ಒಂದು ಅಂಕ ಕಳೆಯುವುದರಿಂದ, ಎರಡು ಉತ್ತರವಿರುವ ಪ್ರಶ್ನೆ ತಿಳಿದವನನ್ನೇ ದಂಡಿಸುತ್ತದೆ.

ಇದರ ಬಳಿಕ ಉಲ್ಟಾ ಕೆಲಸವನ್ನೂ ಮಾಡಿ. ಪ್ರಸಂಗದ ಒಂದೊಂದು ವಾಕ್ಯದ ಮೇಲೆ ಬೆರಳಿಟ್ಟು ಇದು ಯಾವ ಆಯ್ಕೆಯನ್ನು ಎತ್ತುತ್ತದೆ ಅಥವಾ ಬೀಳಿಸುತ್ತದೆ ಎಂದು ಕೇಳಿ. ಯಾವುದನ್ನೂ ಮಾಡದ ವಾಕ್ಯಗಳಲ್ಲಿ ಒಂದೆರಡು ಇರಲಿ, ನಿಜವಾದ ರೋಗಿಯಲ್ಲೂ ಇರುತ್ತವೆ. ಐದಾರು ಇದ್ದರೆ ಕತ್ತರಿಸಿ.

## ಹಂತ 7: ಸಹೋದ್ಯೋಗಿಗೆ ಆಯ್ಕೆಗಳಿಲ್ಲದೆ ಓದಲು ಕೊಡಿ

ಪ್ರಸಂಗ ಮತ್ತು ಪ್ರಶ್ನಾವಾಕ್ಯ ಮಾತ್ರ ಇರುವ ಹಾಳೆ ಕೊಡಿ, ಉತ್ತರವನ್ನು ಬರೆಯಲು ಹೇಳಿ. ಕೀ ಹೇಳಿ "ಸರಿಯಿದೆಯೇ ನೋಡಿ" ಎಂದರೆ ಯಾರಾದರೂ ಸರಿಯೆಂದೇ ಹೇಳುತ್ತಾರೆ. ನಮ್ಮ ಪ್ರಶ್ನೆಯನ್ನು ಅರಿವಳಿಕೆ ವಿಭಾಗದ ಗೆಳೆಯರೊಬ್ಬರಿಗೆ ಕೊಟ್ಟೆ, ಏಕೆಂದರೆ ಟ್ಯೂಬ್ ಹಾಕುವ ಪಕ್ಷದ ವಕೀಲರು ಅವರೇ. "25ರವರೆಗೆ ಎಣಿಸುತ್ತಿದ್ದಾರೆ, ನಾನು ಟ್ಯೂಬ್ ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು ಕಾಯುತ್ತೇನೆ, ನೀವು ಪ್ರತಿವಿಷ ಶುರುಮಾಡಿ" ಎಂದರು. ತಪ್ಪು ಆಯ್ಕೆಯ ಪರವಾಗಿ ವಾದಿಸಬಲ್ಲವರನ್ನೇ ಹುಡುಕಿ ತೋರಿಸಿ.

## ಹಂತ 8: ಪರೀಕ್ಷೆಯ ನಂತರ ಎಣಿಸಿ

ಒಟ್ಟು ಅಂಕದ ಪ್ರಕಾರ ವಿದ್ಯಾರ್ಥಿಗಳನ್ನು ಜೋಡಿಸಿ, ಮೇಲಿನ ಮತ್ತು ಕೆಳಗಿನ ಶೇ 27ರಷ್ಟು ಮಂದಿಯನ್ನು ಬೇರೆ ಮಾಡಿ, ಎರಡೂ ಗುಂಪು ಯಾವ ಆಯ್ಕೆಯನ್ನು ಎಷ್ಟು ಸಲ ಆರಿಸಿದೆ ಎಂದು ಬರೆಯಿರಿ. ನೂರು ಮಂದಿಯ ತರಗತಿಗೆ ಅರ್ಧ ಗಂಟೆಯ ಕೆಲಸ.

ಮೇಲಿನ ಗುಂಪಿಗಿಂತ ಕೆಳಗಿನ ಗುಂಪು ಕೀ ಉತ್ತರವನ್ನು ಹೆಚ್ಚು ಆರಿಸಿದ್ದರೆ ಮೊದಲು ಕೀ ತಪ್ಪಾಗಿ ಅಚ್ಚಾಗಿದೆಯೇ ನೋಡಿ. ಮೇಲಿನ ಗುಂಪೇ ಎರಡು ಆಯ್ಕೆಗಳ ನಡುವೆ ಒಡೆದಿದ್ದರೆ ಪ್ರಸಂಗದಲ್ಲಿ ಒಂದು ವಿವರ ಕಾಣೆಯಾಗಿದೆ. ಆ ಗುಂಪಿನ ಇಬ್ಬರು ಮೂವರನ್ನು ಕರೆದು, ಅವರ ಮನಸ್ಸಿನಲ್ಲಿದ್ದ ರೋಗಿ ಹೇಗಿದ್ದ ಎಂದು ಕೇಳಿ, ಕಾಣೆಯಾದ ಸಾಲು ಅವರ ಬಾಯಿಂದಲೇ ಬರುತ್ತದೆ. ನನ್ನ ಹಳೆಯ ಪ್ರಶ್ನೆಗೆ ಸಿ ಬರೆದಿದ್ದ ಹುಡುಗ ಹೇಳಿದ್ದು ಇಷ್ಟು: "ಸರ್, ನನ್ನ ರೋಗಿಗೆ ಮಾತಾಡಲು ಆಗುತ್ತಿರಲಿಲ್ಲ." ಒಂದೇ ಉಸಿರಿನಲ್ಲಿ ಎಣಿಸುವ ಸಾಲು ಪ್ರಸಂಗಕ್ಕೆ ಬಂದದ್ದು ಅಲ್ಲಿಂದ. ಶೇ 5ಕ್ಕಿಂತ ಕಡಿಮೆ ಮಂದಿ ಆರಿಸಿದ ಆಯ್ಕೆಯನ್ನು ಮುಂದಿನ ಸಲ ಬದಲಿಸಿ. ಎರಡು ಉತ್ತರಗಳಿದ್ದವೆಂದು ಖಚಿತವಾದರೆ ಎರಡಕ್ಕೂ ಅಂಕ ಕೊಟ್ಟು, ತಿದ್ದಿದ ಪ್ರಶ್ನೆಯನ್ನು ಸಮರ್ಥನೆಯ ಹಾಳೆಯೊಂದಿಗೆ ಪ್ರಶ್ನಕೋಶಕ್ಕೆ ಸೇರಿಸಿ. ಮಾರ್ಗಸೂಚಿ ಯಾವ ವರ್ಷದ್ದೆಂದು ಆ ಹಾಳೆಯ ಮೇಲೆ ಬರೆದಿರಲಿ, ಹೊಸದು ಬಂದ ದಿನ ಯಾವ ಪ್ರಶ್ನೆಗಳನ್ನು ಹೊರಗೆ ತೆಗೆಯಬೇಕೆಂದು ಆಗ ಹುಡುಕಬೇಕಾಗುವುದಿಲ್ಲ.